ಅಮ್ಮನಿಗೆ ಚಳಿಗಾಲದ ಬಟ್ಟೆ

"ಮಡಿಕೇರಿಯಲ್ಲಿರುವ ಅಮ್ಮನಿಗೆ 78. ಬೆರಳು ಸರಿಯಾಗಿ ಮಡಚಲ್ಲ. ದಪ್ಪ ಸ್ವೆಟರ್ ಹಾಕಿದರೂ ಬೆಳಿಗ್ಗೆ ಚಳಿ ಅಂತಾರೆ. ಏನು ಕೊಡಿಸಲಿ?"

ದಪ್ಪದ್ದು ಒಂದರ ಬದಲು ತೆಳುವಾದ ಎರಡು ಹಾಕಿಸಿ. ರವಿಕೆ ಮೇಲೆ ತೆಳು ಉಣ್ಣೆಯ ಸ್ವೆಟರ್, ಅದರ ಮೇಲೆ ಸ್ವಲ್ಪ ಸಡಿಲವಾದ ಇನ್ನೊಂದು. ನಡುವೆ ನಿಲ್ಲುವ ಗಾಳಿಯೇ ಮೈ ಬೆಚ್ಚಗಿಡುತ್ತದೆ. ಬಿಸಿಲೇರಿದಾಗ ಮೇಲಿನದು ತೆಗೆದರಾಯಿತು.

ಎರಡೂ ಮುಂದೆ ತೆರೆಯುವಂಥದ್ದೇ ಇರಲಿ. ಆ ಬೆರಳಿಗೆ ಗುಂಡಿ ಹಾಕೋದು ಕಷ್ಟ, ಹಾಗಾಗಿ ಗುಂಡಿಯಿರುವ ತೆಳು ಸ್ವೆಟರನ್ನು ಟೈಲರ್ ಹತ್ತಿರ ಕೊಡಿ. ಗುಂಡಿ ಬಿಚ್ಚಿ, ಕಾಜಾ ಮುಚ್ಚಿ, ಅದೇ ಗುಂಡಿಗಳನ್ನು ಕಾಜಾ ಮೇಲೆ ಹೊಲಿಯಲಿ. ಒಳಗಡೆ ವೆಲ್ಕ್ರೋ ತುಂಡುಗಳು. ನೋಡೋಕೆ ಮೊದಲಿನ ಹಾಗೇ ಇರುತ್ತೆ, ಅಮ್ಮನಿಗೂ ಮುಜುಗರ ಇಲ್ಲ. ಒಗೆಯುವ ಮೊದಲು ವೆಲ್ಕ್ರೋ ಅಂಟಿಸಿಡಿ, ಇಲ್ಲದಿದ್ದರೆ ಉಣ್ಣೆಯ ಎಳೆ ಕಿತ್ತು ಬರುತ್ತೆ. ಹಾಕುವಾಗ ಜಾಸ್ತಿ ನೋವಿರುವ ಕೈ ಮೊದಲು, ತೆಗೆಯುವಾಗ ಅದು ಕೊನೆಗೆ.

ನನಗೆ ಜಾಸ್ತಿ ಭಯ ಕಾಲಿನದು. ಬರೀ ಸಾಕ್ಸ್‌ನಲ್ಲಿ ರೆಡ್ ಆಕ್ಸೈಡ್ ನೆಲದ ಮೇಲೆ ಓಡಾಡಲು ಬಿಡಲೇಬೇಡಿ, ಜಾರುತ್ತೆ. ಹಿಮ್ಮಡಿ ಹಿಡಿಯುವ, ವೆಲ್ಕ್ರೋ ಪಟ್ಟಿಯ, ಗೆರೆಗಳಿರುವ ರಬ್ಬರ್ ಅಟ್ಟೆಯ ಚಪ್ಪಲಿ ಕೊಡಿಸಿ. ಸಾಕ್ಸ್ ಹಾಕಿಸಿಕೊಂಡೇ ಅಳತೆ ನೋಡಿ. ಹಿಮ್ಮಡಿ ಹತ್ತಿರ ಗೆರೆ ಸವೆದು ನುಣುಪಾದರೆ ಚಪ್ಪಲಿ ಬದಲಿಸಿ. ಸಾಕ್ಸ್ ತೆಗೆದಾಗ ಕಾಲ ಮೇಲೆ ಆಳವಾದ ಗುರುತು ಉಳಿದರೆ ಅದು ಬಿಗಿ, ಸಡಿಲದ್ದು ತನ್ನಿ.