ರೆಸ್ಯೂಮೆ, ವೆಬ್‌ಸೈಟ್, ಲಿಂಕ್ಡ್‌ಇನ್: ಮೂರರಲ್ಲಿ ಮೂರು ತಾರೀಖು

"ನನ್ನ ಹಳೆಯ ಕೆಲಸದ ತಾರೀಖು ರೆಸ್ಯೂಮೆಯಲ್ಲಿ ಒಂದಿದೆ, ಲಿಂಕ್ಡ್‌ಇನ್‌ನಲ್ಲಿ ಇನ್ನೊಂದಿದೆ. ನನ್ನ ವೆಬ್‌ಸೈಟ್‌ನಲ್ಲಿ ಹುದ್ದೆಯ ಹೆಸರೇ ಬೇರೆ. ಯಾವುದನ್ನು ಸರಿ ಅಂತ ಇಟ್ಟುಕೊಂಡು ಉಳಿದವನ್ನು ತಿದ್ದಲಿ?"

ಮೂರರಲ್ಲಿ ಯಾವುದನ್ನೂ ಸರಿ ಅಂತ ಇಟ್ಟುಕೊಳ್ಳಬೇಡಿ. ಮೊದಲು ಆಫರ್ ಲೆಟರ್, ಬಡ್ತಿ ಪತ್ರ, ರಿಲೀವಿಂಗ್ ಲೆಟರ್ ಹುಡುಕಿ ತೆಗೆಯಿರಿ. ಮೂರು ಕಡೆಯದನ್ನೂ ನೆನಪಿನಿಂದಲೇ ಬರೆದಿರುತ್ತೇವೆ. ಒಂದನ್ನು ನೋಡಿ ಇನ್ನೊಂದನ್ನು ತಿದ್ದಿದರೆ ತಪ್ಪೇ ಮೂರು ಕಡೆ ಒಂದೇ ಥರ ಆಗುತ್ತದೆ, ಅಷ್ಟೇ.

ನನಗೆ ಇದು ಗೊತ್ತಾಗಿದ್ದು ಕೈಗೆ ಆಫರ್ ಬಂದ ಮೇಲೆ. ಒಂದು ಕಂಪನಿಗೆ ನಾನು ನವೆಂಬರ್ 2018ರಲ್ಲಿ ಏಜೆನ್ಸಿ ಮೂಲಕ ಕಾಂಟ್ರ್ಯಾಕ್ಟ್ ಮೇಲೆ ಹೋದೆ. ಏಪ್ರಿಲ್ 2019ಕ್ಕೆ ಕಾಯಂ ಆದೆ. ಜುಲೈ 2020ರಲ್ಲಿ ಬಡ್ತಿ ಬಂತು, ಫೆಬ್ರವರಿ 2021ರಲ್ಲಿ ಬಿಟ್ಟೆ. ರೆಸ್ಯೂಮೆಯಲ್ಲಿ ಇಷ್ಟನ್ನೂ ಒಂದೇ ಸಾಲಿಗೆ ಇಳಿಸಿದ್ದೆ: "ಸೀನಿಯರ್ ಎಂಜಿನಿಯರ್, 2018–2021". ಲಿಂಕ್ಡ್‌ಇನ್‌ನಲ್ಲಿ ಏಪ್ರಿಲ್ 2019ರಿಂದ ಮಾರ್ಚ್ 2021. ವೆಬ್‌ಸೈಟ್‌ನಲ್ಲಿ "ಟೆಕ್ ಲೀಡ್", ಯಾಕೆಂದರೆ ತಂಡದಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ಹಿನ್ನೆಲೆ ಪರಿಶೀಲನೆ ಮಾಡುವವರು ಹಳೆಯ ಕಂಪನಿಯನ್ನು ಕೇಳಿದರೆ, ಅವರ ದಾಖಲೆಯಲ್ಲಿ ಏಪ್ರಿಲ್ 2019ಕ್ಕಿಂತ ಮುಂಚೆ ನಾನು ಇಲ್ಲವೇ ಇಲ್ಲ! ಆ 5 ತಿಂಗಳು ನಾನು ಏಜೆನ್ಸಿಯ ನೌಕರ. ಸುಳ್ಳು ಹೇಳುವ ಉದ್ದೇಶ ಇರಲಿಲ್ಲ. ಆದರೆ ಕಾಗದದ ಮೇಲೆ ಅದು ಸುಳ್ಳಿನ ಥರವೇ ಕಾಣುತ್ತಿತ್ತು. ವಿವರಣೆ ಬರೆದು, ಏಜೆನ್ಸಿಯ ಪತ್ರ ಹುಡುಕಿ ಕಳಿಸುವಷ್ಟರಲ್ಲಿ ಸಾಕುಸಾಕಾಯಿತು.

ಆಮೇಲೆ ಆ ಒಂದು ಸಾಲನ್ನು ಮೂರು ಮಾಡಿದೆ. ಮೊದಲನೆಯದು ಏಜೆನ್ಸಿಯ ಹೆಸರಲ್ಲಿ, ನವೆಂಬರ್ 2018ರಿಂದ ಮಾರ್ಚ್ 2019. ಯಾವ ಕಂಪನಿಗೆ ಕೆಲಸ ಮಾಡಿದೆ ಅನ್ನುವುದು ಅದರ ಪಕ್ಕದಲ್ಲೇ. ಎರಡನೆಯದು ಎಂಜಿನಿಯರ್, ಏಪ್ರಿಲ್ 2019ರಿಂದ ಜೂನ್ 2020. ಮೂರನೆಯದು ಸೀನಿಯರ್ ಎಂಜಿನಿಯರ್, ಜುಲೈ 2020ರಿಂದ ಫೆಬ್ರವರಿ 2021. ಇದನ್ನು ಒಂದು ಸಾದಾ ಫೈಲಿನಲ್ಲಿ ಬರೆದಿಟ್ಟಿದ್ದೇನೆ. ಪ್ರತಿ ಸಾಲಿನ ಮುಂದೆ ಯಾವ ಪತ್ರ ನೋಡಿ ಬರೆದೆ ಅಂತಲೂ ಇದೆ. ಏನೇ ಬದಲಾದರೂ ಮೊದಲು ಆ ಫೈಲು, ಆಮೇಲೆ ಉಳಿದ ಮೂರು.

ತಿಂಗಳು ಬಿಡಬೇಡಿ. ಬರೀ "2020–2021" ಅಂದರೆ ಡಿಸೆಂಬರ್‌ನಿಂದ ಜನವರಿವರೆಗೆ 2 ತಿಂಗಳೂ ಆಗಬಹುದು, ಪೂರ್ತಿ 24 ತಿಂಗಳೂ ಆಗಬಹುದು. ಒಟ್ಟು ಎಷ್ಟು ವರ್ಷ ಅನ್ನುವುದನ್ನು ಮಾತ್ರ ಕೈಯಾರೆ ಬರೆಯಲು ಹೋಗಬೇಡಿ. ಲಿಂಕ್ಡ್‌ಇನ್ ಶುರುವಿನ ತಿಂಗಳನ್ನೂ ಕೊನೆಯ ತಿಂಗಳನ್ನೂ ಸೇರಿಸಿ ಎಣಿಸುತ್ತದೆ. ನವೆಂಬರ್ 2018ರಿಂದ ಫೆಬ್ರವರಿ 2021 ಅಂದರೆ ಅದರ ಲೆಕ್ಕದಲ್ಲಿ 2 ವರ್ಷ 4 ತಿಂಗಳು. ನೀವು ಕಳೆದು ನೋಡಿದರೆ 2 ವರ್ಷ 3 ತಿಂಗಳು. ಸುಮ್ನೆ ಒಂದು ತಿಂಗಳ ತಕರಾರು ಯಾಕೆ?

ಹುದ್ದೆಯ ಹೆಸರು ಪತ್ರದಲ್ಲಿ ಇರುವುದೇ ಇರಲಿ. ಪತ್ರದ ಹೆಸರು ಹೊರಗಿನವರಿಗೆ ಅರ್ಥವಾಗುವುದಿಲ್ಲ ಅನ್ನುವುದೂ ನಿಜ. ಅದಕ್ಕೆ ಕೆಳಗಿನ ಮೊದಲ ವಾಕ್ಯವನ್ನು ಬಳಸಿಕೊಳ್ಳಿ: "4 ಜನರ ತಂಡದ ತಾಂತ್ರಿಕ ಹೊಣೆ ನೋಡಿಕೊಂಡೆ". ಆ ವಾಕ್ಯ ಮೂರು ಕಡೆ ಅಕ್ಷರಶಃ ಒಂದೇ ಇರಬೇಕಿಲ್ಲ. ವೆಬ್‌ಸೈಟ್‌ನಲ್ಲಿ ಕಥೆ ಥರ ಬರೆಯಿರಿ, ರೆಸ್ಯೂಮೆಯಲ್ಲಿ ಚುಟುಕಾಗಿ. ಒಳಗಿನ ಅಂಕಿ ಮಾತ್ರ ಬದಲಾಗಬಾರದು. ಒಂದು ಕಡೆ "ಶೇ. 30 ಸಮಯ ಉಳಿಯಿತು", ಇನ್ನೊಂದು ಕಡೆ "ಅರ್ಧಕ್ಕೆ ಇಳಿಯಿತು" ಅಂತಿದ್ದರೆ ಸಂದರ್ಶನದಲ್ಲಿ ಮೊದಲ ಪ್ರಶ್ನೆ ಅದೇ.

ತಿದ್ದುವ ಮುಂಚೆ ಲಿಂಕ್ಡ್‌ಇನ್‌ನಲ್ಲಿ ನೆಟ್‌ವರ್ಕ್‌ಗೆ ತಿಳಿಸುವ ಆಯ್ಕೆ ಆಫ್ ಇದೆಯಾ ನೋಡಿ. ಇಲ್ಲದಿದ್ದರೆ ಹಳೆಯ ಕೆಲಸ ತಿದ್ದಿದ್ದಕ್ಕೆ ಯಾರಾದರೂ ಹೊಸ ಕೆಲಸಕ್ಕೆ ಶುಭಾಶಯ ಹೇಳಿಬಿಡುತ್ತಾರೆ. ಹೆಡ್‌ಲೈನ್ ಬೇರೆ ಜಾಗ, ಅದನ್ನು ಬೇರೆಯಾಗಿಯೇ ನೋಡಬೇಕು. ಬಿಟ್ಟ ಕೆಲಸದಲ್ಲಿ "ಈಗಲೂ ಇಲ್ಲೇ ಇದ್ದೇನೆ" ಅನ್ನುವ ಟಿಕ್ ಹಾಗೇ ಉಳಿದಿರುವುದೂ ಜಾಸ್ತಿ.

ಎಲ್ಲರೂ ಮರೆಯುವುದು ವೆಬ್‌ಸೈಟ್‌ನ ಹಳೆಯ ಪಿಡಿಎಫ್. ಪುಟದಿಂದ ಲಿಂಕ್ ತೆಗೆದರೂ ಫೈಲು ಸರ್ವರ್‌ನಲ್ಲೇ ಇರುತ್ತದೆ, ಹಳೆಯ ಲಿಂಕ್ ಇರುವವರಿಗೆ ತೆರೆಯುತ್ತದೆ. ವರ್ಷ ಸೇರಿಸಿ ಹೆಸರಿಡದೆ ಯಾವಾಗಲೂ `resume.pdf` ಅಂತಲೇ ಇಡಿ. ಹೊಸದು ಹಾಕಿದರೆ ಹಳೆಯದು ತಾನಾಗೇ ಹೋಗುತ್ತದೆ.

ಕೊನೆಗೆ ಪ್ರೈವೇಟ್ ವಿಂಡೋದಲ್ಲಿ ವೆಬ್‌ಸೈಟ್ ಮತ್ತು ಪಿಡಿಎಫ್ ತೆರೆದು `Ctrl+F` ಒತ್ತಿ `20` ಅಂತ ಹುಡುಕಿ. ಪ್ರತಿ ವರ್ಷದ ಮೇಲೂ ನಿಲ್ಲುತ್ತಾ ಹೋಗುತ್ತದೆ, ಫೈಲಿನ ಜೊತೆ ಹೋಲಿಸುತ್ತಾ ಹೋಗಿ. ಈಗಾಗಲೇ ಎಲ್ಲಾದರೂ ಹಳೆಯ ರೆಸ್ಯೂಮೆ ಕಳಿಸಿದ್ದರೆ ಅವರಿಗೆ ಹೊಸದನ್ನು ಕಳಿಸಿ, ಯಾವ ತಾರೀಖು ಬದಲಾಯಿತು, ಯಾಕೆ ಅಂತ ಎರಡು ಸಾಲು ಬರೆಯಿರಿ. ಪರಿಶೀಲನೆ ಫಾರಂ ಬರುವ ಮುಂಚೆಯೇ.