ದುಬೈ ಹೋಟೆಲ್ ಕೆಲಸ: ಆಫರ್ ಲೆಟರ್‌ನಿಂದ ನೈಟ್ ಆಡಿಟ್‌ವರೆಗೆ

"ಅಣ್ಣಾ, ಮೈಸೂರಲ್ಲಿ ಬಿಎಚ್‌ಎಂ ಮುಗಿಸಿದೀನಿ. ದುಬೈನ ಒಂದು ಹೋಟೆಲಿಂದ ಫ್ರಂಟ್ ಆಫೀಸಿಗೆ ಆಫರ್ ಬಂದಿದೆ. ಒಟ್ಟು 2,200 ದಿರ್ಹಂ, ರೂಮು-ಊಟ ಅವರದೇ. ದಿನಕ್ಕೆ 12 ಗಂಟೆ ಹೋಗುತ್ತೆ ಅಂತ ಸ್ನೇಹಿತ ಹೆದರಿಸ್ತಿದಾನೆ. ಬರ್ಲಾ ಬೇಡ್ವಾ? ಬಂದ್ರೆ ಮ್ಯಾನೇಜರ್ ಆಗೋಕೆ ದಾರಿ ಯಾವುದು?"

ತಮ್ಮಾ, ನಾನು ಕುಂದಾಪುರದಿಂದ 2007ರಲ್ಲಿ ಇಲ್ಲಿಗೆ ಬಂದೆ. ಬೆಲ್‌ಬಾಯ್ ಆಗಿ ಸೂಟ್‌ಕೇಸ್ ಹೊತ್ತು ಶುರು ಮಾಡಿದವನು, ಈಗ ರೂಮಿನ ದರ ತೀರ್ಮಾನಿಸುವ ರೆವಿನ್ಯೂ ವಿಭಾಗ ನೋಡಿಕೊಳ್ಳುತ್ತೇನೆ. ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ಆ 12 ಗಂಟೆ. ನಿನ್ನ ಸ್ನೇಹಿತ ಪೂರ್ತಿ ಸುಳ್ಳು ಹೇಳಿಲ್ಲ. ಇಲ್ಲಿನ ಕಾನೂನಿನಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಊಟದ ಬಿಡುವು ಅದರಲ್ಲಿ ಸೇರುವುದಿಲ್ಲ, ಹಾಗಾಗಿ ಹೋಟೆಲಿನೊಳಗೆ 9 ಗಂಟೆ ಆಯಿತು. ಸ್ಟಾಫ್ ವಸತಿ ಸಾಮಾನ್ಯವಾಗಿ ಊರಾಚೆ ಇರುತ್ತದೆ. 7 ಗಂಟೆ ಶಿಫ್ಟ್‌ಗೆ ಬಸ್ಸು 5.45ಕ್ಕೇ ಹೊರಡುತ್ತದೆ. ಶಿಫ್ಟ್ ಮುಗಿದ ಮೇಲೆ ಹ್ಯಾಂಡ್‌ಓವರ್ ಕೊಡಬೇಕು, ಕ್ಯಾಶ್ ಎಣಿಸಬೇಕು, ಮತ್ತೆ ಬಸ್ಸಿಗೆ ಕಾಯಬೇಕು. ರೂಮಿಗೆ ಬಂದು ಶೂ ಬಿಚ್ಚುವಾಗ ಸಂಜೆ 5.30. ಸಂಬಳ 8 ಗಂಟೆಗೆ, ದಿನ ಹೋಗುವುದು 12 ಗಂಟೆ. ರೆಸ್ಟೋರೆಂಟ್ ಕಡೆಯವರಿಗೆ ಇನ್ನೂ ಕಷ್ಟ. ಮಧ್ಯಾಹ್ನ ನಾಲ್ಕು ಗಂಟೆ, ರಾತ್ರಿ ನಾಲ್ಕು ಗಂಟೆ ಅಂತ ಶಿಫ್ಟ್ ಒಡೆದು ಕೊಟ್ಟರೆ ನಡುವಿನ ಹೊತ್ತು ಮನೆಗೂ ಇಲ್ಲ, ಕೆಲಸಕ್ಕೂ ಇಲ್ಲ.

ಇನ್ನು ಆ 2,200. ಅದು ಒಟ್ಟು ಮೊತ್ತ. ನೀನು ನೋಡಬೇಕಾದ್ದು ಅದರಲ್ಲಿ ಬೇಸಿಕ್ ಎಷ್ಟು ಅಂತ. ಓವರ್‌ಟೈಮ್ ಲೆಕ್ಕ ಹಾಕುವುದು ಬೇಸಿಕ್ ಮೇಲೆ, ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಯೂ ಬೇಸಿಕ್ ಮೇಲೇ. ಬೇಸಿಕ್ 1,200, ಉಳಿದ 1,000 ಅಲೋವೆನ್ಸ್ ಅಂತ ಇಟ್ಟುಕೊ. ದಿನಕ್ಕೆ 40 ದಿರ್ಹಂ, ಗಂಟೆಗೆ 5. ಓವರ್‌ಟೈಮ್‌ಗೆ ಕಾಲು ಭಾಗ ಜಾಸ್ತಿ, ಅಂದರೆ 6.25. ಗ್ರಾಚ್ಯುಟಿ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್. ಐದು ವರ್ಷ ದುಡಿದು ಬಿಟ್ಟರೆ ಕೈಗೆ ಬರುವುದು 4,200. ಅದೇ 2,200ರಲ್ಲಿ ಬೇಸಿಕ್ 1,800 ಇದ್ದಿದ್ದರೆ 6,300. ತಿಂಗಳ ಸಂಬಳ ಎರಡರಲ್ಲೂ ಒಂದೇ, ಅದಕ್ಕೇ ಯಾರೂ ಈ ಸಾಲನ್ನು ಓದುವುದಿಲ್ಲ. ನಾನೂ ಓದಿರಲಿಲ್ಲ.

ಸರ್ವೀಸ್ ಚಾರ್ಜ್ ಬಗ್ಗೆಯೂ ಕೇಳು. ಬಿಲ್ಲಿನ ಮೇಲೆ ಅದು ಇರುತ್ತದೆ, ಕೆಲವು ಹೋಟೆಲುಗಳು ಸ್ಟಾಫಿಗೆ ಹಂಚುತ್ತವೆ, ಕೆಲವು ಇಟ್ಟುಕೊಳ್ಳುತ್ತವೆ. "ಕೊಡ್ತೀವಿ" ಅಂತ ಫೋನಲ್ಲಿ ಹೇಳಿದರೆ ಲೆಕ್ಕಕ್ಕಿಲ್ಲ, ಲೆಟರಿನಲ್ಲಿ ಬರಲಿ. ವೀಸಾ ಖರ್ಚು ಇಲ್ಲಿನ ಕಾನೂನಿನ ಪ್ರಕಾರ ಕಂಪನಿಯದು. ಅದಕ್ಕೆ ಅಂತ ಯಾರಾದರೂ ನಿನ್ನ ಹತ್ತಿರ ಲಕ್ಷ ಕೇಳಿದರೆ ಅಲ್ಲಿಗೇ ಬಿಡು. ವಿಸಿಟ್ ವೀಸಾದಲ್ಲಿ ಬಂದು ಕೆಲಸ ಶುರು ಮಾಡು ಅಂದರೂ ಅಷ್ಟೇ.

ಮೇಲೆ ಹೋಗುವ ದಾರಿಗೆ ಬರೋಣ. ಫ್ರಂಟ್ ಆಫೀಸಿನಲ್ಲಿ ವರ್ಷ ಕಳೆದ ಮೇಲೆ ಎಲ್ಲರೂ ಬೆಳಗಿನ ಶಿಫ್ಟಿಗೆ ಜಗಳ ಆಡುತ್ತಾರೆ. ನೀನು ನೈಟ್ ಆಡಿಟ್ ಕೇಳು. ರಾತ್ರಿ 11ರಿಂದ ಬೆಳಿಗ್ಗೆ 7. ಯಾರಿಗೂ ಬೇಡದ ಶಿಫ್ಟ್, ಹಾಗಾಗಿ ಬೇಗ ಸಿಗುತ್ತದೆ. ರಾತ್ರಿ ಕೆಲಸ ಅಂತ ದುಡ್ಡು ಜಾಸ್ತಿ ಸಿಗುತ್ತದೆ ಅಂದುಕೊಳ್ಳಬೇಡ. ರಾತ್ರಿಯ ಓವರ್‌ಟೈಮ್‌ಗೆ ಅರ್ಧ ಪಾಲು ಜಾಸ್ತಿ ಅನ್ನುವ ನಿಯಮ ಇದೆ, ಆದರೆ ಶಿಫ್ಟ್ ಲೆಕ್ಕದಲ್ಲಿ ದುಡಿಯುವವರಿಗೆ ಅದು ಅನ್ವಯಿಸುವುದಿಲ್ಲ.

ನೈಟ್ ಆಡಿಟ್ ಅಂದರೆ ಹೋಟೆಲಿನ ದಿನವನ್ನು ಮುಚ್ಚುವ ಕೆಲಸ. ಗಡಿಯಾರದಲ್ಲಿ 12 ದಾಟಿದರೂ ಸಿಸ್ಟಂನಲ್ಲಿ ತಾರೀಖು ಬದಲಾಗುವುದಿಲ್ಲ, ನೀನು ಬದಲಾಯಿಸಬೇಕು. ಅದಕ್ಕೆ ಮುಂಚೆ ಬರಬೇಕಾಗಿದ್ದ ಗೆಸ್ಟ್ ಬಂದರಾ ನೋಡಬೇಕು, ಬರದಿದ್ದರೆ ನೋ-ಶೋ ಹಾಕಬೇಕು. ರೆಸ್ಟೋರೆಂಟ್ ಬಿಲ್ಲುಗಳು ಸರಿಯಾದ ರೂಮಿಗೆ ಬಿದ್ದಿವೆಯಾ, ಕಾರ್ಡ್ ಮಷೀನಿನ ಮೊತ್ತ ಸಿಸ್ಟಂ ಜೊತೆ ತಾಳೆ ಆಗುತ್ತದಾ ನೋಡಬೇಕು. ಮುಖ್ಯವಾಗಿ ರೇಟ್ ಚೆಕ್: ಬುಕ್ ಆದ ದರ ಮತ್ತು ಹಾಕಿದ ದರ ಒಂದೇನಾ? ಆಮೇಲೆ ರೂಮ್ ಬಾಡಿಗೆ, ತೆರಿಗೆ, ಟೂರಿಸಂ ದಿರ್ಹಂ ಅನ್ನುವ ಶುಲ್ಕ ಎಲ್ಲಾ ರೂಮಿಗೂ ಪೋಸ್ಟ್ ಮಾಡಿ ದಿನ ಮುಚ್ಚಬೇಕು. ಒಮ್ಮೆ ಮುಚ್ಚಿದರೆ ಆ ದಿನದ ಲೆಕ್ಕ ಸುಲಭವಾಗಿ ತಿದ್ದಲು ಬರುವುದಿಲ್ಲ.

ಆ ರೇಟ್ ಚೆಕ್ಕನ್ನು ನಾನು ಮೊದಲ ತಿಂಗಳು ಹಗುರವಾಗಿ ತಗೊಂಡೆ. ಡೆಸ್ಕಿನಲ್ಲಿ ಯಾರೋ 540 ಬದಲು 450 ಒತ್ತಿದ್ದರು. ನಿದ್ದೆಗಣ್ಣಲ್ಲಿ ನಾಲ್ಕು ರಾತ್ರಿ ಅದೇ ರಿಪೋರ್ಟಿಗೆ ಸುಮ್ನೆ ಸಹಿ ಹಾಕಿದೆ. ಐದನೇ ದಿನ ಗೆಸ್ಟ್ ಚೆಕ್‌ಔಟ್ ಆದರು, 360 ದಿರ್ಹಂ ಹೋಯಿತು. ದುಡ್ಡಿಗಿಂತ ಹೆಚ್ಚು ನೋವಾಗಿದ್ದು, ನಾಲ್ಕು ಕಾಗದದ ಮೇಲೂ ನನ್ನ ಸಹಿ ಇದ್ದದ್ದು.

ಈ ಕೆಲಸ ಯಾಕೆ ಮೆಟ್ಟಿಲು ಅಂದರೆ, ಬೆಳಿಗ್ಗೆ ಜನರಲ್ ಮ್ಯಾನೇಜರ್ ಮೊದಲು ಓದುವ ಕಾಗದ ನೀನು ಮಾಡಿದ್ದು. ಅದರಲ್ಲಿ ಎಷ್ಟು ರೂಮು ತುಂಬಿತು, ಸರಾಸರಿ ದರ ಎಷ್ಟು, ಇರುವ ಒಟ್ಟು ರೂಮಿಗೆ ತಲಾ ಎಷ್ಟು ಬಂತು ಅಂತ ಇರುತ್ತದೆ. ಉದಾಹರಣೆಗೆ ಜುಲೈ ತಿಂಗಳು, ಬಿಸಿಲಿಗೆ ಹೋಟೆಲ್ ಖಾಲಿ ಹೊಡೆಯುವ ಕಾಲ, 200 ರೂಮಿನ ಹೋಟೆಲು. ಒಂದು ದಿನ 400 ದಿರ್ಹಂನಂತೆ 150 ರೂಮು ಹೋಯಿತು, 60,000. ಮರುದಿನ ದರ 330ಕ್ಕೆ ಇಳಿಸಿದರು, 190 ರೂಮು ಹೋಯಿತು, 62,700. ಡೆಸ್ಕಿನವರಿಗೆ ಹೋಟೆಲ್ ತುಂಬಿದ ಖುಷಿ. ಆದರೆ 40 ರೂಮು ಹೆಚ್ಚಾದರೆ ಕ್ಲೀನಿಂಗ್, ಲಾಂಡ್ರಿ, ಬ್ರೇಕ್‌ಫಾಸ್ಟ್, ಕರೆಂಟು ಅಂತ ರೂಮಿಗೆ 60 ದಿರ್ಹಂ ಹಿಡಿದರೂ 2,400 ಹೋಯಿತು. ಉಳಿದದ್ದು 300. ಅಷ್ಟಕ್ಕೆ ಹೌಸ್‌ಕೀಪಿಂಗ್‌ನವರ ಬೆನ್ನು ಮುರಿಯಿತು, ನಾಳೆಯ ಗೆಸ್ಟ್ 330 ಅನ್ನೇ ನಿಜವಾದ ದರ ಅಂದುಕೊಂಡ.

ಈ ಲೆಕ್ಕವನ್ನು ಒಂದು ಬೆಳಿಗ್ಗೆ ರಿಪೋರ್ಟ್ ಹಿಂದೆ ಪೆನ್ಸಿಲಲ್ಲಿ ಬರೆದು ಇಟ್ಟೆ. ಯಾರೂ ಕೇಳಿರಲಿಲ್ಲ. ಎರಡು ವಾರದ ಮೇಲೆ ರಿಸರ್ವೇಶನ್ ಕಡೆ ಬರುತ್ತೀಯಾ ಅಂತ ಕರೆದರು. ನೈಟ್ ಆಡಿಟ್‌ಗೆ ಹೋಗಿದ್ದು 2010ರಲ್ಲಿ, ಡ್ಯೂಟಿ ಮ್ಯಾನೇಜರ್ ಆಗಿದ್ದು 2013ರಲ್ಲಿ, ರೆವಿನ್ಯೂಗೆ ಬಂದಿದ್ದು 2016ರಲ್ಲಿ. ಬೆಲ್‌ಬಾಯ್ ಆಗಿದ್ದಾಗಿನಿಂದ ಲೆಕ್ಕ ಹಾಕಿದರೆ 9 ವರ್ಷ. ನಿನಗೆ ಡಿಗ್ರಿ ಇದೆ, ಅದರಲ್ಲಿ ಎರಡು ಮೂರು ವರ್ಷ ಕಡಿಮೆ ಆಗಬಹುದು, ಅದಕ್ಕಿಂತ ಜಾಸ್ತಿ ಅಲ್ಲ. ನಡುವೆ 2020ರಲ್ಲಿ ಕೊರೊನಾ ಬಂದು ನಾವು ಎಷ್ಟೋ ಜನ ಸಂಬಳವಿಲ್ಲದ ರಜೆಯಲ್ಲಿ ಕೂತಿದ್ದೆವು. ಮೊದಲು ಮನೆಗೆ ಕಳಿಸಿದ್ದು ಮಧ್ಯದ ಮ್ಯಾನೇಜರುಗಳನ್ನು. ಮೇಲಕ್ಕೆ ಹೋದ ಮೇಲೂ ಆ ಭಯ ಹೋಗಲ್ಲ.

ಬರ್ಲಾ ಬೇಡ್ವಾ ಅಂತ ಕೇಳಿದೆಯಲ್ಲ, ನನ್ನ ಅಭಿಪ್ರಾಯ ಇಷ್ಟು. ಬೇಸಿಕ್ 1,500 ಮೇಲಿದ್ದು, ಹೋಟೆಲ್ ನೂರೈವತ್ತು ರೂಮಿಗಿಂತ ದೊಡ್ಡದಿದ್ದರೆ ಬಾ. ಸಣ್ಣ ಹೋಟೆಲಿನಲ್ಲಿ ರೇಟ್ ತೀರ್ಮಾನಿಸುವುದು ಮಾಲೀಕರೇ, ಕಲಿಯಲು ಏನೂ ಉಳಿಯುವುದಿಲ್ಲ. ಬೇಸಿಕ್ ಸಾವಿರದ ಆಸುಪಾಸಿದ್ದರೆ ಬೆಂಗಳೂರಿನ ದೊಡ್ಡ ಹೋಟೆಲಿನಲ್ಲೇ ಒಂದು ವರ್ಷ ನೈಟ್ ಆಡಿಟ್ ಮಾಡಿ ಬಾ. ಆಗ ಇಲ್ಲಿ ಡೆಸ್ಕಿಗಲ್ಲ, ನೇರ ಆಡಿಟರ್ ಆಗಿಯೇ ಕೇಳಬಹುದು.

ಲೆಟರಿನ ಸಂಬಳದ ಪುಟದ ಫೋಟೋ ಕಳಿಸು, ನೋಡಿ ಹೇಳುತ್ತೇನೆ. ಬರುವುದಾದರೆ ಮೆತ್ತಗಿನ ಅಟ್ಟೆಯ ಕಪ್ಪು ಶೂ ಎರಡು ಜೊತೆ ತಗೊಂಡು ಬಾ. ಡೆಸ್ಕಿನ ಹಿಂದೆ ಕುರ್ಚಿ ಇರುವುದಿಲ್ಲ.