ಲಾಭ ಏರಿದರೂ ರಿಟರ್ನ್ ಇಳಿದದ್ದು ಯಾಕೆ?

"ಕುಶಾಲನಗರದಲ್ಲಿ ಕಾಫಿ ಪುಡಿ ಮಾಡ್ತೀವಿ. ವ್ಯಾಪಾರ 80ರಿಂದ 90 ಲಕ್ಷಕ್ಕೆ, ಬಡ್ಡಿ-ತೆರಿಗೆಗೆ ಮುಂಚಿನ ಲಾಭ 12ರಿಂದ 13.5ಕ್ಕೆ, ಹೂಡಿದ ಬಂಡವಾಳ 60ರಿಂದ 90ಕ್ಕೆ ಹೋಗಿದೆ. ಆಡಿಟರ್ ಆರ್‌ಒಸಿಇ ಬಿದ್ದಿದೆ ಅಂತಾರೆ, ಯಾಕೆ?"

ಆಡಿಟರ್ ಹೇಳಿದ್ದು ಸರಿ ಸರ್. ಆರ್‌ಒಸಿಇ ಅಂದ್ರೆ ಹೂಡಿದ ಬಂಡವಾಳದ ಮೇಲೆ ಶೇಕಡಾ ಎಷ್ಟು ಲಾಭ ಬಂತು ಅನ್ನೋ ಲೆಕ್ಕ. 12 ÷ 60 ಅಂದ್ರೆ 20%, 13.5 ÷ 90 ಅಂದ್ರೆ 15%. ಇದನ್ನು ಎರಡು ತುಂಡು ಮಾಡಿ ನೋಡಿ. ಲಾಭವನ್ನು ವ್ಯಾಪಾರದಿಂದ ಭಾಗಿಸಿದರೆ ಎರಡೂ ವರ್ಷ 15%, ಅಂದ್ರೆ ಮಾರ್ಜಿನ್ ಅಲುಗಾಡಿಲ್ಲ, ಪುಡಿ ರೇಟು, ಹುರಿಯೋ ಖರ್ಚಿನ ಬಗ್ಗೆ ಸುಮ್ನೆ ತಲೆ ಕೆಡಿಸ್ಕೋಬೇಡಿ. ವ್ಯಾಪಾರವನ್ನು ಬಂಡವಾಳದಿಂದ ಭಾಗಿಸಿ: 1.33 ಇದ್ದದ್ದು 1 ಆಗಿದೆ. ಏಟು ಬಿದ್ದಿರೋದು ಇಲ್ಲೇ.

ಹೆಚ್ಚಾದ 30 ಲಕ್ಷ ಎಲ್ಲಿ ಕೂತಿದೆ? ಹೊಸ ಹುರಿಯೋ ಯಂತ್ರ ಆದ್ರೆ ಅದರಿಂದ ವ್ಯಾಪಾರ ಏರೋಕೆ ಒಂದು ವರ್ಷ ಕಾಯಬಹುದು. ಬೀಜದ ಮೂಟೆ ಆದ್ರೆ ಮೂಟೆ ಎಣಿಸಿ, ಯಾಕಂದ್ರೆ ಅಷ್ಟೇ ಮೂಟೆ ಇದ್ದು ಖರೀದಿ ದರ ಮಾತ್ರ ಏರಿದರೂ ಬಂಡವಾಳ ಉಬ್ಬುತ್ತದೆ. ನಮ್ಮ ಕಡೆ ಇನ್ನೊಂದು ತೊಡಕು ಇದೆ, ಮಾರ್ಚ್ 31ಕ್ಕೆ ಕೊಯ್ಲು ಮುಗಿದು ಗೋಡೌನ್ ತುಂಬಿರುತ್ತದೆ ಅಲ್ವಾ, ಆ ಒಂದು ದಿನದ ಲೆಕ್ಕ ನಂಬೋದಕ್ಕಿಂತ ತಿಂಗಳ ಕೊನೆಯ ಅಂಕಿಗಳ ಸರಾಸರಿ ತೆಗೆದು, ಎರಡೂ ವರ್ಷಕ್ಕೆ ಹಾಗೇ ಮಾಡಿ.

ಲಾಭ ಬಡ್ಡಿಗೆ ಮುಂಚಿನದ್ದು, ಹಾಗಾಗಿ ಬ್ಯಾಂಕ್ ಸಾಲವನ್ನೂ ಬಂಡವಾಳದಲ್ಲಿ ಸೇರಿಸಿದ್ದೀರಿ ತಾನೇ?